ಹಾಜರಾತಿ ಪಟ್ಟಿಯ ‘ಕಂಡೊನೇಷನ್’ ಕಾಲಂಗೆ ಕನ್ನಡದಲ್ಲಿ ಏನೆನ್ನಬೇಕು?

ತಿಪಟೂರಿನಿಂದ, ಪ್ರಶ್ನೆ

ಮಾನ್ಯರೆ, ನಮ್ಮ ಪದವಿ ಕಾಲೇಜಿನ ಹಾಜರಾತಿ ಪುಸ್ತಕವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ದಿನದ ಹಾಜರಿ ತುಂಬಿದರೆ ಶೇಕಡಾವಾರು, ಶಾರ್ಟೇಜ್ ಪಟ್ಟಿ, ಕೊರತೆಯಿದ್ದರೂ ಪರೀಕ್ಷೆಗೆ ಕೂರಲು ಬಿಡುವ ಕಂಡೊನೇಷನ್ನಿಗೆ ಯಾರು ಬರುತ್ತಾರೆ ಎಂಬುದು ತಾನಾಗಿ ಮೂಡುತ್ತದೆ. ಸೋಮವಾರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಬೇಕು. ‘ಹಾಜರಾತಿ ಕೊರತೆ’ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೊನೆಯ ಕಾಲಂನ ತಲೆಬರಹವೇ ತೊಡಕು. ಕಳೆದ ವರ್ಷ ‘ರಿಯಾಯಿತಿ ಪಡೆದವರು’ ಎಂದು ಬರೆದಿದ್ದೆವು. ಅದನ್ನು ಓದಿದ ಕೆಲವು ಮಕ್ಕಳು ರಿಯಾಯಿತಿ ಸಿಕ್ಕಿಯೇ ಬಿಟ್ಟಿತೆಂದು ತಿಳಿದು ಅರ್ಜಿಯನ್ನೇ ಕೊಡಲಿಲ್ಲ. ಆ ತಪ್ಪು ಮತ್ತೆ ಆಗಬಾರದು.

ಚಿಂತಾಮಣಿಯಿಂದ

‘ಮನ್ನಿಕೆ’ ಎನ್ನಿ. ‘ಮನ್ನಾ’ ಅರಬ್ಬಿಯಿಂದ ಬಂದದ್ದು, ಬೇಡ. ‘ಹಾಜರಾತಿ’ಯೂ ಅಲ್ಲಿಯದೇ, ‘ಬರವು’ ಎಂಬ ನಮ್ಮ ಪದವಿರುವಾಗ ಅದೇಕೆ?

ಮುಳಬಾಗಿಲಿನಿಂದ

ಬಯಲುಸೀಮೆಯ ಕಾಲೇಜಿನ ಗೋಡೆಯ ಮೇಲೆ ‘ಬರವಿನ ಕೊರತೆ’ ಎಂದು ಬರೆದರೆ ಜನ ಮಳೆಯ ಲೆಕ್ಕವೆಂದು ಓದುತ್ತಾರೆ. ಅದನ್ನು ಬಿಡಿ. ನನ್ನ ಮಗಳು ಎನ್‌ಸಿಸಿ ಶಿಬಿರಕ್ಕೆ ಹೋಗಿದ್ದ ಹತ್ತು ದಿನವನ್ನು ಗೈರುಹಾಜರಿ ಎಂದು ಹಾಕಿ ಶಾರ್ಟೇಜ್ ಪಟ್ಟಿಗೆ ಸೇರಿಸಿದ್ದರು. ಅಂಥವರಿಗೂ ಇದೇ ಮನ್ನಿಕೆಯೆ?

ಕೋಲಾರದಿಂದ

ನಾನು ನ್ಯಾಯಾಲಯದ ಕಡತಗಳ ಅನುವಾದ ಮಾಡುವವನು. ಮುಳಬಾಗಿಲಿನವರ ಪ್ರಶ್ನೆಯೇ ಬೇರೆ. ಕಾಲೇಜೇ ಕಳುಹಿಸಿದ ಶಿಬಿರದ ದಿನಗಳನ್ನು ಹಾಜರಿಯೆಂದು ಪರಿಗಣಿಸುವ ನಿಯಮವಿದ್ದರೆ, ಶೇಕಡಾವಾರು ತೆಗೆಯುವ ಮೊದಲೇ ಪಟ್ಟಿಯಲ್ಲಿ ಆ ದಿನಗಳ ಮನೆಗಳನ್ನು ತಿದ್ದಬೇಕು. ಅಲ್ಲಿ ಕೊರತೆಯೇ ಇಲ್ಲವಾದ್ದರಿಂದ ಮನ್ನಿಸುವುದಕ್ಕೂ ಏನಿಲ್ಲ.

ಪದದ ಮಟ್ಟಿಗೆ, ತಡವಾಗಿ ಸಲ್ಲಿಸಿದ ಮೇಲ್ಮನವಿಯ ಜೊತೆಗೆ 1963ರ ಕಾಲಮಿತಿ ಕಾಯ್ದೆಯ 5ನೆಯ ಕಲಮಿನಡಿ ಕೊಡುವ ಅರ್ಜಿಯನ್ನು ನಾವು ‘ವಿಳಂಬ ಮನ್ನಾ’ ಅರ್ಜಿ ಎನ್ನುತ್ತೇವೆ. ನಲವತ್ತು ದಿನ ತಡವಾಗಿದ್ದರೆ, ಅರ್ಜಿ ಒಪ್ಪಿದ ಮೇಲೂ ಕಡತದಲ್ಲಿ ಅದು ನಲವತ್ತು ದಿನವೇ ಆಗಿ ಉಳಿಯುತ್ತದೆ. ಅದು ಅಡ್ಡಿಯಾಗುವುದು ಮಾತ್ರ ನಿಲ್ಲುತ್ತದೆ. ಹಾಜರಾತಿಯಲ್ಲಿಯೂ ಹೀಗೆಯೇ, ಶೇ. 68 ಇದ್ದದ್ದು ಶೇ. 75 ಆಗುವುದಿಲ್ಲ, ಪರೀಕ್ಷೆಗೆ ಕೂರಲು ಬಿಡುತ್ತಾರೆ ಅಷ್ಟೆ. ‘ರಿಯಾಯಿತಿ’ ಎಂದರೆ ಅಳತೆಯನ್ನೇ ಇಳಿಸಿದಂತೆ ಕೇಳುತ್ತದೆ, ‘ವಿನಾಯಿತಿ’ ಎಂದರೆ ನಿಯಮವೇ ಅನ್ವಯಿಸದಂತೆ. ಆದ್ದರಿಂದ ಎರಡೂ ಸಲ್ಲವು.

ಚಿಂತಾಮಣಿಯಿಂದ

ಸಾಲ ಮನ್ನಾ ಆದರೆ ಸಾಲ ಉಳಿಯುತ್ತದೆಯೆ? ನಿಮ್ಮ ವಾದಕ್ಕೆ ನಿಮ್ಮ ಪದವೇ ಎದುರು ನಿಂತಿದೆ. ‘ಮನ್ನಿಸು’ ಅಚ್ಚಗನ್ನಡ, ಅದೇ ಸಾಕು.

ಶಿರಾದಿಂದ

ಸಾಲದ ಮಾತು ಒಪ್ಪತಕ್ಕದ್ದೇ. ಆದರೆ ‘ಮನ್ನಿಸು’ ಅಚ್ಚಗನ್ನಡವೆಂದು ಅಷ್ಟು ಖಚಿತವಾಗಿ ಹೇಳಬೇಡಿ. ಅದನ್ನು ಸಂಸ್ಕೃತದ ‘ಮಾನ್ಯ’ದಿಂದ ಬಂದ ತದ್ಭವವೆನ್ನುವವರಿದ್ದಾರೆ, ‘ಮನ್ನಣೆ’ಯಲ್ಲಿ ಇಂದಿಗೂ ಇರುವುದು ಗೌರವದ ಅರ್ಥವೇ. ಬೇರನ್ನು ಅಗೆಯುತ್ತ ಕುಳಿತರೆ ಸೋಮವಾರ ಕಳೆದುಹೋಗುತ್ತದೆ. ಕಳೆದ ವರ್ಷ ಎಡವಿದ್ದು ‘ರಿಯಾಯಿತಿ’ಯಲ್ಲಿಯೂ ಅಲ್ಲ, ‘ಪಡೆದವರು’ ಎಂಬ ಭೂತಕೃದಂತದಲ್ಲಿ. ಲೆಕ್ಕ ತೋರಿಸುವುದು ಅರ್ಹತೆಯನ್ನು, ಮಂಜೂರಾತಿಯನ್ನಲ್ಲ. ತಮ್ಮ ಮಿತಿಗಳೇನು, ತರಗತಿಗಳೆಷ್ಟು ನಡೆದಿವೆ?

ತಿಪಟೂರಿನಿಂದ

ನಮ್ಮಲ್ಲಿ ಶೇ. 75 ಬೇಕು; ಸಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 65ರವರೆಗೆ ಮನ್ನಿಸುತ್ತಾರೆ. ಒಂದು ವಿಷಯದಲ್ಲಿ 67 ತರಗತಿಗಳಾಗಿವೆ. 50ಕ್ಕೆ ಬಂದ ಹುಡುಗನ ಹೆಸರಿನ ಮುಂದೆ 75% ಎಂದು ಕಾಣುತ್ತಿದ್ದರೂ ಶಾರ್ಟೇಜ್ ಪಟ್ಟಿಯಲ್ಲಿ ಅವನಿದ್ದಾನೆ. ಬಳಸಿದ ಸೂತ್ರ ಇದು:

```
=COUNTIF(D5:BR5,"P")/67
```

ಶಿರಾದಿಂದ

ಸೂತ್ರ ಸರಿಯಾಗಿಯೇ ಇದೆ. ನಿಜವಾದ ಬೆಲೆ 74.63, ದಶಾಂಶ ತೋರಿಸದಿರುವುದರಿಂದ ಹಾಳೆಯು ಅದನ್ನು 75 ಎಂದು ಮೇಲಕ್ಕೆತ್ತಿ ಬರೆಯುತ್ತದೆ, ಹೋಲಿಸುವಾಗ ಮಾತ್ರ 74.63ನ್ನೇ ಹಿಡಿಯುತ್ತದೆ. ಆ ಹುಡುಗ ಜಗಳಕ್ಕೆ ಬಂದರೆ ತಪ್ಪು ಅವನದಲ್ಲ. ಎರಡು ದಶಾಂಶ ತೋರಿಸಿ. ಕೊರತೆಯನ್ನು ಶೇಕಡಾದಲ್ಲಿ ಬರೆಯದೆ ತರಗತಿಗಳಲ್ಲಿ ಬರೆದರೆ ಇನ್ನೂ ಒಳ್ಳೆಯದು. 67ರ ಮುಕ್ಕಾಲು 50.25, ಅರ್ಧ ತರಗತಿಗೆ ಯಾರೂ ಬರಲಾರರಾದ್ದರಿಂದ ಬೇಕಾದದ್ದು 51. ಅವನ ಕೊರತೆ ಒಂದು ತರಗತಿ. ಶೇ. 65ಕ್ಕೆ 43.55, ಅಂದರೆ 44. ಆದ್ದರಿಂದ 44ರಿಂದ 50ರವರೆಗೆ ಬಂದವರು ಅರ್ಜಿ ಕೊಡಬಹುದು. 43 ಆದವರಿಗೆ ಆ ಬಾಗಿಲಿಲ್ಲ, ಅವರನ್ನು ಬೇರೆ ಪಟ್ಟಿಯಲ್ಲಿ ಹಾಕಿ.

ಚಿಂತಾಮಣಿಯಿಂದ

ಇದು ಪದಚರ್ಚೆಯೋ ಗಣಿತದ ಪಾಠವೋ?

ಕೋಲಾರದಿಂದ

ಲೆಕ್ಕ ತಿಳಿಯದೆ ಇಟ್ಟ ಪದದಿಂದಲೇ ಕಳೆದ ವರ್ಷ ಮಕ್ಕಳು ಅರ್ಜಿ ಕೊಡದೆ ಹೋದರು.

ತಿಪಟೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಕೊರತೆ (ತರಗತಿಗಳಲ್ಲಿ)’ ಎಂದೂ, ‘ಕೊರತೆ ಮನ್ನಾ ಕೋರಿ ಅರ್ಜಿ ಸಲ್ಲಿಸಲು ಅರ್ಹರು’ ಎಂದೂ ಬರೆಯುತ್ತೇನೆ. ಉದ್ದವಾಯಿತು, ಆದರೆ ಅರ್ಜಿ ಎಂಬ ಮಾತು ಫಲಕದಲ್ಲಿಯೇ ಇರಬೇಕು. ಚಿಂತಾಮಣಿಯ ಹಿರಿಯರು ‘ಮನ್ನಾ’ವನ್ನು ಒಪ್ಪುವುದಿಲ್ಲವೆಂದು ಬಲ್ಲೆ, ‘ಮನ್ನಿಕೆ’ ಎಂದು ಬರೆದು ನಮ್ಮ ಗುಮಾಸ್ತರಿಗೆ ತೋರಿಸಿದಾಗ ಅವರು ಅದನ್ನು ‘ಮನವಿ’ ಎಂದು ಓದಿದರು. 43 ಮತ್ತು ಅದಕ್ಕಿಂತ ಕಡಿಮೆ ಬಂದವರ ಪಟ್ಟಿಗೆ ಇಡತಕ್ಕ ಹೆಸರು ಇನ್ನೂ ಹೊಳೆದಿಲ್ಲ. ‘ಅನರ್ಹರು’ ಎಂದು ಮಕ್ಕಳ ಹೆಸರಿನ ಮೇಲೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.