‘ಎಕ್ಸ್‌ಚೇಂಜ್ ಮಾರ್ಜಿನ್’: ಕಡಿತ ಅನ್ನಬೇಕೋ, ವಟ್ಟ ಅನ್ನಬೇಕೋ?

ಮಾನ್ವಿಯಿಂದ, ಕನ್ನಡ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಐದಾರು ಹುಡುಗರು ದುಬೈಯಲ್ಲಿ ದುಡಿಯುತ್ತಾರೆ. ರೊಕ್ಕ ಕಳಿಸಿದ ದಿನ ರಸೀದಿಯ ಫೋಟೋ ಮನೆಗೆ ಬರುತ್ತದೆ. ಮನೆಯವರು ಅದನ್ನು ಹಿಡಿದು ನನ್ನ ಹತ್ತಿರ ಬರುತ್ತಾರೆ. ಅವರೇ ಓದಿ ಪಾಸ್‌ಬುಕ್ ಜೊತೆ ತಾಳೆ ನೋಡಲಿ ಅಂತ ಕನ್ನಡದಲ್ಲಿ ಒಂದು ಪುಟದ ಚೀಟಿ ಮಾಡುತ್ತಿದ್ದೇನೆ. ಫೀಗೆ ‘ಕಳಿಸುವ ಖರ್ಚು’ ಅಂತ ಬರೆದೆ, ಎಲ್ಲರಿಗೂ ತಿಳಿಯಿತು. ‘ನಿವ್ವಳ ಮೊತ್ತ’ ತೆಗೆದು ‘ಕೈಗೆ ಬರುವ ರೊಕ್ಕ’ ಅಂತ ಹಾಕಿದೆ. ಎಕ್ಸ್‌ಚೇಂಜ್ ಮಾರ್ಜಿನ್ ಮಾತ್ರ ಕಾಡುತ್ತಿದೆ, ಅಂದರೆ ಮಾರುಕಟ್ಟೆ ದರಕ್ಕೂ ಹಣ ಕಳಿಸುವ ಅಂಗಡಿಯವರು ಕೊಡುವ ದರಕ್ಕೂ ಇರುವ ವ್ಯತ್ಯಾಸ.

ಮೊದಲು ‘ವಿನಿಮಯ ಅಂಚು’ ಅಂತ ಬರೆದಿದ್ದೆ. ಪಕ್ಕದ ಮನೆಯ ಅಕ್ಕ ಓದಿ, “ಯಾವುದರ ಅಂಚು ರೀ ಟೀಚರ್?” ಅಂದರು. ಸರಿಯಾದ ಪ್ರಶ್ನೆ. ಆಮೇಲೆ ‘ದರದ ಕಡಿತ’ ಅಂತ ತಿದ್ದಿದೆ. ಅದರಿಂದ ತೊಂದರೆಯೇ ಆಯಿತು.

ಆ ಅಕ್ಕನ ಮಗ ಅಂಗಡಿಯಲ್ಲಿ ಕೊಟ್ಟದ್ದು 2,000 ದಿರ್ಹಮ್. ಫೀ 20, ಅದರ ಮೇಲೆ 5% ವ್ಯಾಟ್ ಅಂದರೆ 1 ದಿರ್ಹಮ್. ಉಳಿದದ್ದು 1,979. ರಸೀದಿಯಲ್ಲಿದ್ದ ದರ 22.60. ಗುಣಿಸಿದರೆ ₹44,725.40. ಆ ದಿನ ಮಾರುಕಟ್ಟೆಯ ದರ 22.78 ಇತ್ತು. ದಿರ್ಹಮಿಗೆ 18 ಪೈಸೆ ಕಡಿಮೆ, ಅಂದರೆ ಒಟ್ಟು ₹356.22. ನನ್ನ ಚೀಟಿಯಲ್ಲಿ ಅದಕ್ಕೂ ಒಂದು ಸಾಲು ಇತ್ತು, ‘ಕಡಿತ’ ಅಂತ. ಅಕ್ಕ ಅದನ್ನೂ ಕಳೆದರು. ₹44,369.18 ಬಂತು. ಪಾಸ್‌ಬುಕ್ಕಿನಲ್ಲಿ ₹44,725.40 ಇದೆ. ಬ್ಯಾಂಕಿನವರು ತಪ್ಪಿ ಜಾಸ್ತಿ ಹಾಕಿದ್ದಾರೆ, ಆಮೇಲೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಅಂತ ಹೆದರಿ ಎರಡು ದಿನ ರೊಕ್ಕ ಮುಟ್ಟಲಿಲ್ಲ.

ಲೆಕ್ಕ ಸರಿಯಿತ್ತು. ತಪ್ಪು ನನ್ನ ಪದದ್ದು. ಇದಕ್ಕೆ ನಮ್ಮ ಕಡೆ ಯಾವುದಾದರೂ ಪದ ಇದೆಯಾ?

ಲಿಂಗಸುಗೂರಿನಿಂದ, ಹಿರಿಯರೊಬ್ಬರು:

ಇದೆ ತಾಯಿ. ‘ವಟ್ಟ’. ನಿಜಾಮರ ಕಾಲದಲ್ಲಿ ನಮ್ಮಲ್ಲಿ ಅವರದೇ ನಾಣ್ಯ ಹಾಲಿ ಸಿಕ್ಕಾ ನಡೆಯುತ್ತಿತ್ತು. ತುಂಗಭದ್ರೆ ದಾಟಿ ಬಳ್ಳಾರಿ ಕಡೆ ಹೋದರೆ ಬ್ರಿಟಿಷರ ಕಲ್ದಾರ್ ರೂಪಾಯಿ, ಅದು ಮದ್ರಾಸ್ ಪ್ರಾಂತ. 7 ಹಾಲಿ ಕೊಟ್ಟರೆ 6 ಕಲ್ದಾರ್ ಬರುತ್ತಿತ್ತು. ಆ ಹೋದ ಒಂದು ರೂಪಾಯಿಗೆ ನಮ್ಮ ಅಜ್ಜ ವಟ್ಟ ಅನ್ನುತ್ತಿದ್ದರು. ಸುಮ್ನೆ ಹೊಸ ಪದ ಯಾಕೆ?

ಬಳ್ಳಾರಿಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ:

ಹಿರಿಯರು ಹೇಳಿದ ಪದ ಒಳ್ಳೆಯದು. ಆದರೆ ಅದನ್ನು ಕೂರಿಸಿದ ಜಾಗ ಸ್ವಲ್ಪ ತಪ್ಪಿದೆ. 7ಕ್ಕೆ 6 ಅನ್ನುವುದು ಎರಡು ನಾಣ್ಯಗಳ ದರ. ಅಲ್ಲಿ ಯಾರೂ ಒಂದು ರೂಪಾಯಿ ಕಳೆದುಕೊಂಡಿಲ್ಲ. ಹಾಲಿಯ ಬೆಲೆಯೇ ಅಷ್ಟು. ನಾಣ್ಯ ಬದಲಿಸಿ ಕೊಡುವ ಶರಾಫರು ಅದೇ 7 ಹಾಲಿಗೆ 6ರ ಬದಲು ಐದೂಮುಕ್ಕಾಲು ಕಲ್ದಾರ್ ಕೊಟ್ಟರೆ, ಆ ಕಾಲು ರೂಪಾಯಿ ವಟ್ಟ. ದಿರ್ಹಮಿಗೂ ಹಾಗೆಯೇ. 22.78 ದರ, 22.60 ಅಂಗಡಿಯವರು ಕೊಟ್ಟದ್ದು, ನಡುವಿನ 18 ಪೈಸೆ ವಟ್ಟ.

ಟೀಚರ್, ನಿಮ್ಮ ಚೀಟಿಯಲ್ಲಿ ಪದಕ್ಕಿಂತ ಮೊದಲು ಸಾಲು ಬದಲಾಗಬೇಕು. ವಟ್ಟ ಎಂಬುದು ದರದೊಳಗೆ ಕರಗಿ ಹೋಗಿರುತ್ತದೆ. 22.60ರಿಂದ ಗುಣಿಸಿದ ಕ್ಷಣವೇ ಅದು ಹೋಯಿತು, ಮತ್ತೆ ಕಳೆಯುವಂತಿಲ್ಲ. ತಾಳೆಗೆ ಮೂರೇ ಹೆಜ್ಜೆ. ಕೊಟ್ಟದ್ದರಲ್ಲಿ ಫೀ ಮತ್ತು ವ್ಯಾಟ್ ಕಳೆಯಿರಿ. ಉಳಿದದ್ದನ್ನು ರಸೀದಿಯ ದರದಿಂದ ಗುಣಿಸಿ. ಬಂದದ್ದನ್ನು ಪಾಸ್‌ಬುಕ್ ಜೊತೆ ಹೋಲಿಸಿ. ರಸೀದಿಯಲ್ಲಿ ದರ ಎರಡೇ ದಶಾಂಶಕ್ಕೆ ಅಚ್ಚಾಗಿದ್ದು, ಒಳಗಿನ ಲೆಕ್ಕ ನಾಲ್ಕು ದಶಾಂಶದ್ದಾದರೆ 1,979 ದಿರ್ಹಮಿಗೆ ಹತ್ತು ರೂಪಾಯಿವರೆಗೆ ಹೆಚ್ಚುಕಮ್ಮಿ ಬರಬಹುದು. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕೇಳಬೇಕು.

ವಟ್ಟದ ಲೆಕ್ಕ ಬೇರೆ ಪುಟದಲ್ಲಿರಲಿ. ಅದು ರಸೀದಿ ಸರಿಯೋ ತಪ್ಪೋ ಎಂದು ಹೇಳುವುದಿಲ್ಲ, ಅಗ್ಗವೋ ದುಬಾರಿಯೋ ಎಂದು ಹೇಳುತ್ತದೆ. ಅದಕ್ಕೆ ಆ ಹೊತ್ತಿನ ಮಾರುಕಟ್ಟೆ ದರ ಬೇಕು. ದಿರ್ಹಮಿನ ದರ ಸಿಗದಿದ್ದರೆ ಡಾಲರಿನದು ಸಾಕು. ಒಂದು ಡಾಲರಿಗೆ 3.6725 ದಿರ್ಹಮ್ ಅಂತ 1997ರಿಂದ ಕಟ್ಟಿಹಾಕಿದ್ದಾರೆ. ಆ ದಿನ ಡಾಲರ್ ₹83.66 ಇದ್ದರೆ 3.6725ರಿಂದ ಭಾಗಿಸಿ, 22.78 ಬರುತ್ತದೆ.

ಗಂಗಾವತಿಯಿಂದ, ಭತ್ತದ ವ್ಯಾಪಾರಿ:

ನಮಗೆ ಇದು ದಿನಾ ಕಾಣುವ ಸಂಗತಿ. ರೈತರಿಗೆ ಕೊಡುವ ಪಟ್ಟಿಯಲ್ಲಿ ಹಮಾಲಿ ಬರೆದಿರುತ್ತದೆ. ಅದು ನಿಮ್ಮ ಫೀ ಇದ್ದ ಹಾಗೆ, ಕಣ್ಣಿಗೆ ಕಾಣುತ್ತದೆ. ಕೆಲವು ಕಡೆ ಚೀಲಕ್ಕೆ ಇಷ್ಟು ಅಂತ ತೂಕದಲ್ಲೇ ಬಿಡುತ್ತಾರೆ, ಅದಕ್ಕೆ ‘ಸೂಟ್’ ಅನ್ನುತ್ತೇವೆ. ಅದು ಪಟ್ಟಿಯಲ್ಲಿ ಬರುವುದೇ ಇಲ್ಲ. ಮಾರ್ಜಿನ್ ಅಂದರೆ ಸೂಟ್ ಅಲ್ವಾ? ನಮ್ಮ ಜನರಿಗೆ ವಟ್ಟಕ್ಕಿಂತ ಇದು ಬೇಗ ತಿಳಿಯುತ್ತದೆ.

ಇನ್ನೊಂದು ಮಾತು. ಫೀ ಇಲ್ಲ ಅಂತ ಬೋರ್ಡ್ ಹಾಕಿದ ಕಡೆ ಕಳಿಸಿದರೆ ಈ ತಾಪತ್ರಯವೇ ಇಲ್ಲವಲ್ಲ?

ಬಳ್ಳಾರಿಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ:

ಸೂಟ್ ಕಾಣುವುದಿಲ್ಲ, ಮಾರ್ಜಿನ್ನೂ ಕಾಣುವುದಿಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ಸೂಟ್ ತೂಕದಲ್ಲಿ ಹೋಗುತ್ತದೆ, ಇದು ಬೆಲೆಯಲ್ಲಿ ಹೋಗುತ್ತದೆ. ಸೂಟ್ ಅಂದರೆ ಓದುವವರು ದಿರ್ಹಮಿನಲ್ಲೇ ಕಳೆಯುತ್ತಾರೆ. ಮತ್ತೆ ಹಳೆಯ ತಪ್ಪೇ.

ಫೀ ಇಲ್ಲ ಅನ್ನುವುದನ್ನು ಲೆಕ್ಕ ಹಾಕಿ ನೋಡಿ. ಫೀ ಸೊನ್ನೆ, ದರ 22.30 ಅಂದುಕೊಳ್ಳಿ. 2,000 ದಿರ್ಹಮಿಗೆ ₹44,600. ಫೀ ಕೊಟ್ಟು 22.60 ಪಡೆದ ಹುಡುಗನ ಮನೆಗೆ ₹125.40 ಜಾಸ್ತಿ ಬಂದಿದೆ.

ಕೊಪ್ಪಳದಿಂದ, ಗೃಹಿಣಿ:

ನನ್ನದೂ ಒಂದು ಇದೆ ಸರ್. ಮಗಳು ಅಮೆರಿಕದಿಂದ ಬ್ಯಾಂಕಿನಲ್ಲಿ 1,000 ಡಾಲರ್ ಕಳಿಸಿದಳು, ಫೀ ಬೇರೆಯೇ ಕಟ್ಟಿದ್ದಳು. ಇಲ್ಲಿಯ ಬ್ಯಾಂಕಿಗೆ 980 ಮುಟ್ಟಿತು. ಈ 20 ಡಾಲರ್ ವಟ್ಟವಾ? ಅದರ ಮೇಲೆ ಜಿಎಸ್‌ಟಿ ಅಂತಲೂ ಹಿಡಿದಿದ್ದಾರೆ.

ಬಳ್ಳಾರಿಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ:

ಇಲ್ಲ ತಾಯಿ, ಡಾಲರ್ ಡಾಲರಾಗಿಯೇ ಕಡಿಮೆಯಾಗಿದೆ. ದರ ಇನ್ನೂ ಮಧ್ಯೆ ಬಂದಿಲ್ಲ. ಹಣ ದಾಟಿ ಬರುವಾಗ ನಡುವಿನ ಬ್ಯಾಂಕು ತೆಗೆದುಕೊಂಡಿರಬೇಕು. ಖರ್ಚು ಯಾರದು ಎಂದು ತಿಳಿಸಲು ಮಗಳ ರಸೀದಿಯಲ್ಲಿ OUR, SHA, BEN ಇವುಗಳಲ್ಲಿ ಒಂದು ಇರುತ್ತದೆ. SHA ಇದ್ದರೆ ಅವಳು ತನ್ನ ಬ್ಯಾಂಕಿನ ಖರ್ಚು ಮಾತ್ರ ಕೊಟ್ಟಿದ್ದಾಳೆ, ದಾರಿಯ ಖರ್ಚು ಹಣದಲ್ಲೇ ಮುರಿಯುತ್ತದೆ. OUR ಅಂದರೆ ದಾರಿಯ ಖರ್ಚೂ ಕಳಿಸುವವರದೇ, ಅದು ಇದ್ದೂ 980 ಬಂದಿದ್ದರೆ ಕಳಿಸಿದ ಬ್ಯಾಂಕಿಗೆ ದೂರು ಕೊಡಬಹುದು. ಜಿಎಸ್‌ಟಿ ಯಾಕೆಂದರೆ ನಿಮ್ಮ ಡಾಲರ್ ರೂಪಾಯಿ ಆದದ್ದು ಇಲ್ಲಿ. 1 ಲಕ್ಷದವರೆಗೆ ಮೊತ್ತದ 1%, ಕನಿಷ್ಠ ₹250, ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ 18% ತೆರಿಗೆ. ಟೀಚರ್ ಹೇಳಿದ ರೊಕ್ಕ ದುಬೈಯಲ್ಲೇ ರೂಪಾಯಿ ಆಗಿ ಬಂದಿದೆ, ಅದಕ್ಕೇ ಅಲ್ಲಿ ಈ ಸಾಲು ಇಲ್ಲ.

ಮಾನ್ವಿಯಿಂದ, ಕನ್ನಡ ಶಿಕ್ಷಕಿ:

ಹಾಗಾದರೆ ‘ಕಡಿತ’ ಸರಿಯಾಗಿ ಕೂರುವುದು ಈ 20 ಡಾಲರಿಗೆ. ಅದು ನಿಜವಾಗಿಯೂ ಕಳೆಯುವ ಸಾಲು. ಚೀಟಿಯಲ್ಲಿ ಅಲ್ಲಿಗೆ ಸರಿಸುತ್ತೇನೆ. ಮಾರ್ಜಿನ್ನನ್ನು ತಾಳೆಯ ಪಟ್ಟಿಯಿಂದ ತೆಗೆದು ಕೆಳಗೆ ಬೇರೆಯಾಗಿ ಬರೆದೆ: ‘ಮಾರುಕಟ್ಟೆ ದರಕ್ಕೂ ನಮಗೆ ಕೊಟ್ಟ ದರಕ್ಕೂ ಇರುವ ವಟ್ಟ. ಇದನ್ನು ಕಳೆಯಬೇಡಿ.’

ನಿನ್ನೆ ಸಂಜೆ ಅಕ್ಕನಿಗೆ ಓದಿ ಹೇಳಿದೆ. ಲೆಕ್ಕ ಈ ಸಲ ಒಂದೇ ಸಲಕ್ಕೆ ತಾಳೆಯಾಯಿತು. ಆದರೆ ‘ವಟ್ಟ’ ಅವರು ಕೇಳಿದ್ದಿಲ್ಲವಂತೆ, ಅವರ ಅತ್ತೆಗೆ ಮಾತ್ರ ಗೊತ್ತಿತ್ತು. ಸಿರುಗುಪ್ಪ, ಸಂಡೂರು ಕಡೆಯವರು ಇದಕ್ಕೆ ಈಗಲೂ ಬಾಯಲ್ಲಿ ಆಡುವ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ. ಮುದ್ರಣಕ್ಕೆ ಕೊಡುವುದು ಇನ್ನೂ ಒಂದು ವಾರ ಇದೆ.