ರಿಪೋರ್ಟ್‌ನಲ್ಲಿ ಬಲಗಡೆ, ಜುಮ್ಮೆನ್ನುವುದು ಎಡಗೈ

ಪ್ರಶ್ನೆ: ನನಗೆ 41 ವರ್ಷ. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೆಲಸ. ಎರಡು ತಿಂಗಳಿಂದ ಎಡಗೈಯ ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನುತ್ತಿವೆ. ಎಕ್ಸ್‌ರೇಯಲ್ಲಿ ‘ಸರ್ವೈಕಲ್ ಸ್ಪಾಂಡಿಲೋಸಿಸ್, ಲಾಸ್ ಆಫ್ ಲಾರ್ಡೋಸಿಸ್’ ಎಂದಿದೆ. ಎಂಆರ್‌ಐಯಲ್ಲಿ ‘ಸಿ5-ಸಿ6 ಡಿಸ್ಕ್ ಬಲ್ಜ್, ಥೀಕಲ್ ಸ್ಯಾಕ್ ಇಂಡೆಂಟೇಶನ್, ರೈಟ್ ಫೋರಾಮಿನಲ್ ನ್ಯಾರೋಯಿಂಗ್, ನೋ ಕಾರ್ಡ್ ಸಿಗ್ನಲ್ ಚೇಂಜ್’. ಆಪರೇಷನ್ ಬೇಕಾಗುತ್ತಾ?

ಒಬ್ಬ ಸದಸ್ಯರು: ಸ್ಪಾಂಡಿಲೋಸಿಸ್ ಅಂದ್ರೆ ಸವೆತ, ವಯಸ್ಸಾದಂತೆ ಎಲ್ಲರಿಗೂ ಬರುತ್ತೆ. ನರ ಒತ್ತಿರೋದು ಕತ್ತಿನಲ್ಲೇ. ಕಾಲರ್ ಹಾಕಿ, ದಿಂಬು ಬಿಡಿ.

ಇನ್ನೊಬ್ಬರು: ನನಗೂ ಹೀಗೇ ಆಗಿತ್ತು. ರಾತ್ರಿ ಹೆಬ್ಬೆರಳು, ತೋರುಬೆರಳು ಮರಗಟ್ಟಿ ಎಚ್ಚರವಾಗುತ್ತಿತ್ತು, ಕೈ ಕೊಡವಿದರೆ ಸರಿ. ಮಣಿಕಟ್ಟಿಗೆ ಪಟ್ಟಿ ಹಾಕಿದ ಮೇಲೆ ಕಮ್ಮಿಯಾಯಿತು. ನೀವೂ ಹಾಕಿ.

ಮೂಳೆ ಡಾಕ್ಟರ್: ಸವೆತದ ಮಾತು ಸರಿ, ಕಾಲರ್ ಮಾತು ಬೇಡ. ಮಣಿಕಟ್ಟಿನ ತೊಂದರೆಯಲ್ಲಿ ಕಿರುಬೆರಳು ಸಾಮಾನ್ಯವಾಗಿ ಜುಮ್ಮೆನ್ನುವುದಿಲ್ಲ.

ರಿಪೋರ್ಟ್‌ನ ಕೊನೇ ಸಾಲು ಮೊದಲು ಓದಿ. ಬೆನ್ನುಹುರಿಯಲ್ಲಿ ಬದಲಾವಣೆ ಇಲ್ಲ ಎಂದಿದೆ, ಸದ್ಯಕ್ಕೆ ಅದೇ ದೊಡ್ಡ ಸಮಾಧಾನ. ಥೀಕಲ್ ಸ್ಯಾಕ್ ಅಂದರೆ ಹುರಿಯ ಸುತ್ತ ಇರುವ ನೀರಿನ ಚೀಲ. ಡಿಸ್ಕ್ ಅದನ್ನು ಸ್ವಲ್ಪ ಅದುಮಿದರೆ ಹುರಿಯೇ ಒತ್ತಿದೆ ಎಂದಲ್ಲ. ಲಾರ್ಡೋಸಿಸ್ ಹೋಗಿದೆ ಅಂದರೆ ಕತ್ತಿನ ಬಾಗು ನೇರವಾಗಿ ಕಂಡಿದೆ ಅಷ್ಟೇ. ಸ್ನಾಯು ಬಿಗಿದಿದ್ದರೂ, ಫಿಲ್ಮ್ ತೆಗೆಯುವಾಗ ಗದ್ದ ಬಗ್ಗಿಸಿದ್ದರೂ ಹಾಗೆ ಕಾಣುತ್ತದೆ.

ಇನ್ನು ನರ ಹೊರಬರುವ ಕಿಂಡಿ ಕಿರಿದಾಗಿರುವುದು ಬಲಗಡೆ, ಕತ್ತಿನ ಸಿ5-ಸಿ6 ಮೂಳೆಗಳ ನಡುವೆ. ಅಲ್ಲಿ ಹೊರಬರುವುದು ಸಿ6 ನರ. ಅದು ಕೆಣಕಿದರೆ ಬಲಗೈ ಹೆಬ್ಬೆರಳು, ತೋರುಬೆರಳು ಜುಮ್ಮೆನ್ನಬೇಕು. ನಿಮ್ಮದು ಎಡಗೈ, ಅದೂ ಕಿರುಬೆರಳು. ಹೊಂದುವುದಿಲ್ಲ ಅಲ್ವಾ?

ಲ್ಯಾಪ್‌ಟಾಪ್ ಮುಂದೆ ಎಡಮೊಣಕೈ ಮೇಜಿನ ಅಂಚಿಗೆ ಊರುತ್ತೀರಾ? ಉಂಗುರ ಬೆರಳನ್ನು ಹತ್ತಿಯಿಂದ ಸವರಿ ನೋಡಿ. ಕಿರುಬೆರಳಿನ ಕಡೆಯ ಅರ್ಧ ಮಾತ್ರ ಮಂಕಾಗಿದ್ದರೆ ಮೊಣಕೈ ಹತ್ತಿರದ ಅಲ್ನಾರ್ ನರದ ಮೇಲೆ ಅನುಮಾನ. ಇಡೀ ಬೆರಳು, ಜೊತೆಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಬದಿಯೂ ಮಂಕಾಗಿದ್ದರೆ ಸಿ8 ನರ ನೋಡಬೇಕು. ಆಗ ಎಂಆರ್‌ಐಯಲ್ಲಿ ಸಿ7-ಟಿ1 ಸಾಲು ಏನು ಹೇಳುತ್ತದೆ ಎಂದು ಓದಿ.

ಪ್ರಶ್ನೆ ಕೇಳಿದವರು: ಸಾರ್, ಅರ್ಧ ಬೆರಳೇ! ಮುಂಗೈ ಸರಿಯಾಗಿದೆ. ಮೊಣಕೈ ದಿನವಿಡೀ ಮೇಜಿನ ಅಂಚಿನ ಮೇಲೇ ಇರುತ್ತೆ, ಫೋನ್ ಹಿಡಿಯೋದೂ ಅದೇ ಕೈ. ಸಿ7-ಟಿ1 ನಾರ್ಮಲ್ ಅಂತಿದೆ.

ಮೂಳೆ ಡಾಕ್ಟರ್: ಹಾಗಾದರೆ ಅಲ್ಲಿಗೆ ಮೆತ್ತಗಿನ ಬಟ್ಟೆ ಹಾಕಿ, ಫೋನಿಗೆ ಇಯರ್‌ಫೋನ್ ಬಳಸಿ, ರಾತ್ರಿ ಮೊಣಕೈ ಪೂರ್ತಿ ಮಡಚಿ ಮಲಗಬೇಡಿ. ಕತ್ತು, ಮೊಣಕೈ ಎರಡೂ ಕಡೆ ನರ ಕೆಣಕುವುದೂ ಉಂಟು, ಹಾಗಾಗಿ ಕೈ ಮುಟ್ಟಿ ನೋಡದೆ ಇದೇ ಎಂದು ಹೇಳಲಾರೆ. ನರ್ವ್ ಕಂಡಕ್ಷನ್ ಟೆಸ್ಟ್ ಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಗುಂಡಿ ಹಾಕಲು ತಡವರಿಸಿದರೆ, ನಡೆಯುವಾಗ ವಾಲಿದರೆ, ಮೂತ್ರ ಹಿಡಿತ ತಪ್ಪಿದರೆ ಮಾತ್ರ ಅದೇ ದಿನ ಹೋಗಿ.

ಮೊದಲ ಸದಸ್ಯರು: ಹಾಗಾದ್ರೆ ದಿಂಬು ಇರಲಾ ಸಾರ್?