ಸರಣಿಯಲ್ಲಿ ಎರಡನೇ ಬಲ್ಬ್ ಮಂಕಾದರೆ: ಊಹೆ ಬರೆಸಿ ಮಾಡುವ ಪಾಠದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಬ್ರಹ್ಮಾವರ

ಏಳನೇ ಕ್ಲಾಸಿಗೆ ವಿದ್ಯುತ್ ಮಂಡಲ ಮಾಡ್ಲಿಕ್ಕುಂಟು. ಎರಡು ಬಲ್ಬ್ ಸರಣಿಯಲ್ಲಿ ಹಾಕಿದ್ರೆ ಎಂತ ಆಗ್ತದೆ ಅಂತ ಮೊದಲೇ ಬರೆಸಿದೆ. "ಮೊದಲನೇ ಬಲ್ಬ್ ಕರೆಂಟ್ ತಿಂದುಬಿಡ್ತದೆ, ಎರಡನೆಯದಕ್ಕೆ ಕಡಿಮೆ ಸಿಗ್ತದೆ" ಅಂತ ತುಂಬ ಮಕ್ಕಳು ಬರೆದ್ರು. ಪ್ರಯೋಗ ಮಾಡಿಸಿದಾಗ ಒಂದು ಗುಂಪಿನಲ್ಲಿ ಎರಡನೇ ಬಲ್ಬ್ ನಿಜವಾಗಿಯೂ ಮಂಕಾಗಿಯೇ ಉರಿಯಿತು. "ನಾವು ಹೇಳಿದ್ದೇ ಸರಿ" ಅಂದ್ರು. ಈಗ ಇದನ್ನು ಹೇಗೆ ಸರಿಮಾಡುವುದು?

ಉತ್ತರ: ಭೌತಶಾಸ್ತ್ರ ಉಪನ್ಯಾಸಕರು, ಮಂಗಳೂರು

ಟೀಚರ್, ಆ ಮಂಕು ಬಲ್ಬನ್ನು ಎತ್ತಿಡಬೇಡಿ. ನಾಳೆಯ ಪಾಠ ಅದರಿಂದಲೇ ಶುರುವಾಗಲಿ.

ಒಂದೇ ಪೆಟ್ಟಿಗೆಯಿಂದ ತೆಗೆದ, 2.5 ವೋಲ್ಟ್ 0.3 ಆಂಪಿಯರ್ ಎಂದು ಬರೆದ ಎರಡು ಟಾರ್ಚ್ ಬಲ್ಬ್‌ಗಳ ಫಿಲಮೆಂಟ್ ಕೂಡ ಪೂರ್ತಿ ಒಂದೇ ಇರುವುದಿಲ್ಲ. ಒಂದೊಂದೇ ಉರಿಸಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಸರಣಿಯಲ್ಲಿ ಎರಡೂ ಅರೆಬರೆ ಬಿಸಿಯಲ್ಲಿ ಕೆಂಪಗೆ ಉರಿಯುವಾಗ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಹೋಲ್ಡರ್ ತುಕ್ಕು ಹಿಡಿದಿರಬಹುದು ಎಂದು ಇಲ್ಲಿ ಕೆಲವರು ಹೇಳಬಹುದು, ನಮ್ಮ ಕರಾವಳಿಯ ಗಾಳಿಗೆ ಅದು ಆಗುವಂಥದ್ದೇ. ಆದರೆ ಸರಣಿಯಲ್ಲಿ ತುಕ್ಕು ಎಲ್ಲಿದ್ದರೂ ಎರಡೂ ಬಲ್ಬ್ ಒಟ್ಟಿಗೇ ಮಂಕಾಗುತ್ತವೆ. ಒಂದು ಮಾತ್ರ ಮಂಕಾದರೆ ಕಾರಣ ಆ ಬಲ್ಬಿನಲ್ಲೇ ಇದೆ.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಬೇಡಿ. ಬಲ್ಬ್‌ಗಳನ್ನು ಮುಟ್ಟದೆ ಶೆಲ್‌ಗಳನ್ನು ಮಾತ್ರ ತಿರುಗಿಸಿ ಹಾಕುತ್ತೇನೆ ಎಂದು ಹೇಳಿ, ತಿರುಗಿಸುವ ಮೊದಲೇ ಊಹೆ ಬರೆಸಿ. ಶೆಲ್ ತಿರುಗಿದರೆ ಕರೆಂಟಿನ ದಿಕ್ಕು ತಿರುಗುತ್ತದೆ, ಇದುವರೆಗೆ ಕೊನೆಯಲ್ಲಿದ್ದ ಬಲ್ಬ್ ಈಗ ಮೊದಲನೆಯದು. ಮೊದಲನೆಯದು ಕರೆಂಟ್ ತಿನ್ನುವುದು ನಿಜವಾದರೆ ಮಂಕು ಆಚೆ ಬಲ್ಬಿಗೆ ಹೋಗಬೇಕು. ಹೋಗುವುದಿಲ್ಲ, ಅದೇ ಬಲ್ಬ್ ಮಂಕಾಗಿ ಉಳಿಯುತ್ತದೆ. ಆಮೇಲೆ ಎರಡು ಬಲ್ಬ್‌ಗಳ ಜಾಗ ಅದಲುಬದಲು ಮಾಡಿ, ಅದಕ್ಕೂ ಮೊದಲು ಊಹೆ ಬರೆಸಿ. ಈಗ ಮಂಕು ಬಲ್ಬಿನ ಜೊತೆಗೇ ಹೋಗುತ್ತದೆ. ಒಂದು ಬಲ್ಬಿಗೆ ಕೆಂಪು ಟೇಪ್ ಸುತ್ತಿಟ್ಟರೆ ಯಾವುದು ಯಾವುದೆಂದು ಗೊಂದಲವಾಗದು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಶೆಲ್ಲನ್ನೂ ಬಲ್ಬನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಹೇಳಲಾಗದು.

ಉಳಿದ ಗುಂಪುಗಳಿಗೆ ಹಿಂದಿನ ದಿನವೇ ಬಲ್ಬ್ ಆರಿಸಿಡಿ. ಎರಡೆರಡನ್ನು ಸರಣಿಯಲ್ಲಿ ಉರಿಸಿ ನೋಡಿ, ಸಮನಾಗಿ ಕಂಡ ಜೋಡಿಯನ್ನು ಒಟ್ಟಿಗೆ ಕಟ್ಟಿಡಿ. ಹತ್ತು ಹನ್ನೆರಡು ಬಲ್ಬ್ ತಂದರೆ ನಾಲ್ಕು ಒಳ್ಳೆಯ ಜೋಡಿಯಾದರೂ ಸಿಗುತ್ತದೆ. ಒಂದು ಕೆಟ್ಟ ಜೋಡಿಯನ್ನು ಬೇಕೆಂದೇ ಇಟ್ಟುಕೊಳ್ಳಿ.

ಪ್ರತಿಕ್ರಿಯೆ: ಪ್ರೌಢಶಾಲಾ ಶಿಕ್ಷಕರು, ಕಾರ್ಕಳ

ಇಷ್ಟು ಸುತ್ತು ಯಾಕೆ ಸರ್? ಶೆಲ್ ಕೊಡುವ ಕರೆಂಟ್ ಯಾವಾಗಲೂ ಅಷ್ಟೇ, ಸರಣಿಯಲ್ಲಿ ಅದೇ ಕರೆಂಟ್ ಎರಡರಲ್ಲೂ ಹರಿಯುತ್ತದೆ, ಸಮಾಂತರದಲ್ಲಿ ಎರಡಕ್ಕೂ ಹಂಚಿಹೋಗುತ್ತದೆ. ಬೋರ್ಡಿನಲ್ಲಿ ಒಂದು ಚಿತ್ರ ಬರೆದರೆ ಮುಗಿಯಿತು.

ಉಪನ್ಯಾಸಕರು, ಮಂಗಳೂರು

ಸರ್, ಸರಣಿಯಲ್ಲಿ ಎರಡರಲ್ಲೂ ಒಂದೇ ಕರೆಂಟ್ ಎನ್ನುವುದು ಸರಿ. ಶೆಲ್ ಕೊಡುವ ಕರೆಂಟ್ ಯಾವಾಗಲೂ ಅಷ್ಟೇ ಎನ್ನುವುದು ಸರಿಯಲ್ಲ, ಮಕ್ಕಳಲ್ಲಿ ತುಂಬ ಗಟ್ಟಿಯಾಗಿ ಬೇರೂರಿರುವ ಎರಡನೇ ತಪ್ಪು ಕಲ್ಪನೆಯೇ ಅದು. ನಿಮ್ಮ ಮಾತಿನಂತೆ ಹೋದರೆ ಒಂಟಿ ಬಲ್ಬಿನಲ್ಲಿಯೂ ಸರಣಿಯ ಎರಡು ಬಲ್ಬ್‌ಗಳಲ್ಲಿಯೂ ಕರೆಂಟ್ ಒಂದೇ ಇದ್ದು, ಬೆಳಕೂ ಒಂದೇ ಇರಬೇಕಿತ್ತು. ಸರಣಿಯಲ್ಲಿ ಎರಡೂ ಮಂಕಾಗುವುದನ್ನು ಎಲ್ಲರೂ ನೋಡಿದ್ದೇವೆ.

ಶೆಲ್ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಹಿಡಿದುಕೊಳ್ಳುತ್ತದೆ. ಎಷ್ಟು ಕರೆಂಟ್ ಎನ್ನುವುದನ್ನು ಹೊರಗೆ ಜೋಡಿಸಿದ್ದು ನಿರ್ಧರಿಸುತ್ತದೆ. ಸಮಾಂತರದಲ್ಲಿ ಎರಡನೇ ಬಲ್ಬ್ ಸೇರಿಸಿದರೆ ಮೊದಲನೆಯದರ ಪಾಲು ಅರ್ಧವಾಗುವುದಿಲ್ಲ. ಶೆಲ್ಲೇ ಸುಮಾರು ಎರಡರಷ್ಟು ಕೊಡುತ್ತದೆ, ಮೊದಲ ಬಲ್ಬಿನ ಬೆಳಕು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಇಲ್ಲಿಯೂ ಸಾಮಾನು ಕೈಕೊಡುವ ಜಾಗವೊಂದು ಉಂಟು. 2.5 ವೋಲ್ಟಿನ ಬಲ್ಬ್ ಬಿಸಿಯಾಗಿರುವಾಗ ಅದರ ರೋಧ ಸುಮಾರು 8 ಓಮ್. ಸಾಧಾರಣ ಟಾರ್ಚ್ ಶೆಲ್ ಎರಡರ ಒಳರೋಧ ಒಟ್ಟು 1 ಓಮ್ ಇದೆ ಎಂದಿಟ್ಟುಕೊಳ್ಳಿ. 3 ವೋಲ್ಟಿನಲ್ಲಿ ಒಂದು ಬಲ್ಬಿಗೆ ಸುಮಾರು 2.7 ವೋಲ್ಟ್ ಸಿಗುತ್ತದೆ. ಸಮಾಂತರವಾಗಿ ಇನ್ನೊಂದು ಸೇರಿಸಿದರೆ ಅದು 2.4ಕ್ಕೆ ಇಳಿಯುತ್ತದೆ, ಬೆಳಕು ಇಳಿದದ್ದು ಕಣ್ಣಿಗೇ ಕಾಣುತ್ತದೆ. "ನೋಡಿ, ಹಂಚಿಹೋಯಿತು" ಎಂದು ಮಕ್ಕಳು ಹೇಳಿದರೆ ಅವರ ತಪ್ಪೇನೂ ಅಲ್ಲ. ಶೆಲ್ ಹಳತಾದಷ್ಟೂ ಒಳರೋಧ ಹೆಚ್ಚುತ್ತದೆ, ಹಂಚಿಹೋದಂತೆ ಕಾಣುವುದೂ ಹೆಚ್ಚುತ್ತದೆ. ಆದ್ದರಿಂದ ಸಮಾಂತರದ ದಿನ ಹೊಸ ಆಲ್ಕಲೈನ್ ಶೆಲ್, ಅದರಲ್ಲೂ ದೊಡ್ಡ ಗಾತ್ರದ್ದು ಬಳಸಿ. ಒಳರೋಧ ಬಹಳ ಕಡಿಮೆಯಾದ್ದರಿಂದ ಬೆಳಕು ಅಷ್ಟಾಗಿ ಇಳಿಯುವುದಿಲ್ಲ. ತುಕ್ಕು ಹಿಡಿದ ಹೋಲ್ಡರ್ ಕಾಟ ಕೊಡುವುದೂ ಈ ಜೋಡಣೆಯಲ್ಲಿ, ಒಂದು ಕವಲು ಮಾತ್ರ ಮಂಕಾಗಿಬಿಡುತ್ತದೆ. ಸಂಪರ್ಕದ ಜಾಗಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿಡಿ.

ಪ್ರತಿಕ್ರಿಯೆ: ವಿಜ್ಞಾನ ಶಿಕ್ಷಕಿ, ಮೂಡುಬಿದಿರೆ

ನಮ್ಮಲ್ಲಿ ಟಾರ್ಚ್ ಬಲ್ಬ್ ಸಿಗೂದೇ ಇಲ್ಲ, ಬಿಳಿ ಎಲ್‌ಇಡಿ ಮಾತ್ರ ಉಂಟು. ಎರಡು ಶೆಲ್ಲಿಗೆ ಒಂದು ಎಲ್‌ಇಡಿ ಹಾಕಿದ್ರೆ ಉರಿಯುತ್ತದೆ, ಸರಣಿಯಲ್ಲಿ ಎರಡು ಹಾಕಿದ್ರೆ ಎರಡೂ ಇಲ್ಲ. ಎಲ್‌ಇಡಿ ಕರೆಂಟ್ ಜಾಸ್ತಿ ತಿನ್ನುತ್ತದಾ?

ಉಪನ್ಯಾಸಕರು, ಮಂಗಳೂರು

ಇಲ್ಲ ಮೇಡಂ. ಬಿಳಿ ಎಲ್‌ಇಡಿಗೆ ಹೊತ್ತಿಕೊಳ್ಳಲಿಕ್ಕೇ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. 3 ವೋಲ್ಟಿಗೆ ಎರಡು ಸೇರಿಸಿದರೆ ಯಾವುದಕ್ಕೂ ಸಾಲದು. ಈ ಪಾಠಕ್ಕೆ ಎಲ್‌ಇಡಿ ಹೊಂದುವುದಿಲ್ಲ. ಶೆಲ್ ತಿರುಗಿಸಿದರೆ ಆರಿಯೇ ಹೋಗುತ್ತದೆ, ಶೆಲ್ ತಿರುಗಿಸುವ ಪರೀಕ್ಷೆ ಮಾಡಲಿಕ್ಕೇ ಆಗದು. ಟಾರ್ಚ್ ಬಲ್ಬ್ ಸಿಗದಿದ್ದರೆ ಒಂದೇ ಬೆಲೆಯ ಎರಡು ರೆಸಿಸ್ಟರ್ ಮತ್ತು ಮೀಟರ್ ಇಟ್ಟು ಮಾಡಬಹುದು. ಬೆಳಕು ಕಾಣದು, ಆದರೆ ಅಂಕಿ ಕಾಣುತ್ತದೆ.

ಪ್ರಶ್ನೆ ಕೇಳಿದ ಶಿಕ್ಷಕಿ, ಬ್ರಹ್ಮಾವರ

ಸರ್, ಮೀಟರ್ ಒಂದುಂಟು. ಎಲ್ಲಿ ಹಾಕುವುದು? ಇನ್ನೊಂದು: "ಎರಡೂ ಸಮ ಉರಿಯುತ್ತದೆ" ಅಂತ ಸರಿಯಾಗಿ ಬರೆದ ಮಕ್ಕಳನ್ನು ಬಿಟ್ಟುಬಿಡಬಹುದಾ?

ಉಪನ್ಯಾಸಕರು, ಮಂಗಳೂರು

ಬಿಡಬೇಡಿ. ಸರಿ ಉತ್ತರದ ಹಿಂದೆಯೂ ತಪ್ಪು ಕಾರಣ ಇರುತ್ತದೆ. ಶೆಲ್ಲಿನ ಎರಡೂ ತುದಿಯಿಂದ ಕರೆಂಟ್ ಹೊರಟು ಬಲ್ಬಿನಲ್ಲಿ ಢಿಕ್ಕಿ ಹೊಡೆದು ಬೆಳಕಾಗುತ್ತದೆ ಎಂದು ನಂಬಿದ ಮಗುವೂ "ಎರಡೂ ಸಮ" ಎಂದೇ ಬರೆಯುತ್ತದೆ. ಅದಕ್ಕಾಗಿ ಊಹೆಯ ಚೀಟಿಯಲ್ಲಿ ಎರಡು ಸಾಲು ಇರಲಿ: ಏನಾಗುತ್ತದೆ, ಯಾಕೆ. ಪೆನ್ನಿನಲ್ಲಿ ಬರೆಸಿ. ಪೆನ್ಸಿಲ್ ಆದರೆ ಪ್ರಯೋಗ ಮುಗಿದ ಮೇಲೆ ಅಳಿಸಿ ತಿದ್ದುತ್ತಾರೆ, ನೀವು ಚರ್ಚೆ ಮಾಡಬೇಕಾದದ್ದೇ ಮಾಯವಾಗುತ್ತದೆ. ಮೂರು ನಿಮಿಷ ಸಾಕು, ಯಾರೂ ಪಕ್ಕದವರಿಗೆ ತೋರಿಸದೆ. ಆಮೇಲೆ ಕೈ ಎತ್ತಿಸಿ ಎಣಿಸಿ ಬೋರ್ಡಿನಲ್ಲಿ ಬರೆಯಿರಿ. ಯಾವುದು ಸರಿ ಎಂದು ನಿಮ್ಮ ಮುಖ ಹೇಳದಿರಲಿ, ಮಕ್ಕಳು ಟೀಚರ ಮುಖ ನೋಡಿ ಊಹೆ ಬದಲಿಸುತ್ತಾರೆ.

ಮೀಟರಿನ ತುದಿಯನ್ನು 10 ಆಂಪಿಯರಿನ ತೂತಿಗೆ ಹಾಕಿ. 200 ಮಿಲಿಆಂಪಿಯರಿಗೆ ಇಟ್ಟರೆ ಈ ಬಲ್ಬಿನ ಕರೆಂಟಿಗೆ ಒಳಗಿನ ಫ್ಯೂಸ್ ಹೋಗಬಹುದು. ಸರಣಿಯ ಸುತ್ತಿನಲ್ಲಿ ಮೂರು ಜಾಗ: ಮೊದಲ ಬಲ್ಬಿನ ಮುಂಚೆ, ನಡುವೆ, ಎರಡನೆಯದರ ನಂತರ. ಅದೇ ಮೀಟರನ್ನು ಮೂರು ಕಡೆಗೂ ಸಾಗಿಸಿ. ಎರಡು ಮೀಟರ್ ಇಟ್ಟರೆ ಒಂದು 0.22, ಇನ್ನೊಂದು 0.23 ತೋರಿಸಬಹುದು. ನಮಗದು ಮೀಟರ್‌ಗಳ ವ್ಯತ್ಯಾಸ, ಮಗುವಿಗೆ ಅದು ಬಲ್ಬ್ ತಿಂದ ಕರೆಂಟ್. ಕೊನೆಯಲ್ಲಿ ಮೊದಲ ಜಾಗಕ್ಕೇ ಮರಳಿ ಇನ್ನೊಮ್ಮೆ ಓದಿಸಿ. ಅಷ್ಟರಲ್ಲಿ ಶೆಲ್ ಇಳಿದಿದ್ದರೆ ಅದೂ ಗೊತ್ತಾಗುತ್ತದೆ.

ಢಿಕ್ಕಿಯ ಕಲ್ಪನೆಗೂ ಇದೇ ಮೀಟರ್ ಉತ್ತರ ಕೊಡುತ್ತದೆ. ಸುತ್ತಿನ ಉದ್ದಕ್ಕೂ ಕೆಂಪು ತುದಿ ಪ್ಲಸ್ಸಿನ ಕಡೆಗೇ ಇರಲಿ. ಕರೆಂಟ್ ಎರಡೂ ಕಡೆಯಿಂದ ಬರುವುದಾದರೆ ಒಂದು ಕಡೆ ಮೈನಸ್ ಚಿಹ್ನೆ ಕಾಣಬೇಕಿತ್ತು. ಎಲ್ಲಿಯೂ ಕಾಣುವುದಿಲ್ಲ.

ಒಂಟಿ ಬಲ್ಬಿನ ಕರೆಂಟಿಗೂ ಸರಣಿಯ ಕರೆಂಟಿಗೂ ಹೋಲಿಸಿದರೆ ಸರಿಯಾಗಿ ಅರ್ಧ ಬರುವುದಿಲ್ಲ. ಸುಮಾರು ಮೂರನೇ ಎರಡು ಭಾಗ ಬರುತ್ತದೆ, ಯಾಕೆಂದರೆ ತಣ್ಣಗಿನ ಫಿಲಮೆಂಟಿನ ರೋಧ ಕಡಿಮೆ. "ಅರ್ಧ" ಎಂದು ಮೊದಲೇ ಹೇಳಿ ಸಿಕ್ಕಿಬೀಳಬೇಡಿ.

ಪ್ರಶ್ನೆ ಕೇಳಿದ ಶಿಕ್ಷಕಿ, ಬ್ರಹ್ಮಾವರ

ಮೂರು ಕಡೆಯೂ ಒಂದೇ ಬಂದ ಮೇಲೆ ಒಬ್ಬ ಖಂಡಿತ ಕೇಳ್ತಾನೆ: "ಏನೂ ಖರ್ಚಾಗದಿದ್ರೆ ಶೆಲ್ ಯಾಕೆ ಮುಗೀತದೆ?"

ಉಪನ್ಯಾಸಕರು, ಮಂಗಳೂರು

ಆ ಹುಡುಗ ಸರಿಯಾದದ್ದನ್ನೇ ಹಿಡಿದಿದ್ದಾನೆ, ಏನೋ ಖರ್ಚಾಗುತ್ತಿದೆ. ಖರ್ಚಾಗುವುದು ಶೆಲ್ಲಿನ ರಾಸಾಯನಿಕ ಶಕ್ತಿ. ನಮ್ಮ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಮನೆಯಲ್ಲಿ "ಕರೆಂಟ್ ಹೋಯ್ತು", "ಕರೆಂಟ್ ಬಿಲ್ ಜಾಸ್ತಿ ಬಂತು" ಎನ್ನುತ್ತೇವೆ, ಮೆಸ್ಕಾಂ ಬಿಲ್ಲಿನಲ್ಲಿರುವ ಯೂನಿಟ್ ಮಾತ್ರ ಶಕ್ತಿಯ ಲೆಕ್ಕ. ಒಂದೇ ಶಬ್ದ ಎರಡಕ್ಕೂ ಬಳಕೆಯಾದಾಗ "ಕರೆಂಟ್ ಖರ್ಚಾಗುವುದಿಲ್ಲ" ಎನ್ನುವ ಪಾಠ ಮಗುವಿಗೆ ಸುಳ್ಳಾಗಿ ಕೇಳಿಸುತ್ತದೆ. ಈ ಪಾಠದಲ್ಲಿ ಮೀಟರ್ ಅಳೆದದ್ದಕ್ಕೆ "ಹರಿವು" ಎಂದೂ ಬಿಲ್ಲಿನದಕ್ಕೆ "ಶಕ್ತಿ" ಎಂದೂ ಬೇರೆ ಬೇರೆ ಹೆಸರಿಟ್ಟು ಮಾತಾಡಿ.

ಸೈಕಲ್ ಚೈನ್ ತೋರಿಸಿ. ಪೆಡಲಿನಿಂದ ಹೋದ ಚೈನಿನ ಒಂದು ಕೊಂಡಿಯೂ ಕಡಿಮೆಯಾಗದೆ ವಾಪಸ್ಸು ಬರುತ್ತದೆ. ಆದರೆ ತುಳಿಯುವವನಿಗೆ ಸುಸ್ತಾಗುತ್ತದೆ, ಚಕ್ರ ತಿರುಗುತ್ತದೆ. ಇದು ಸರಣಿಗೆ ಮಾತ್ರ. ಚೈನಿಗೆ ಕವಲಿಲ್ಲ, ಸಮಾಂತರಕ್ಕೆ ಎಳೆದು ತರಬೇಡಿ.

ಪ್ರೌಢಶಾಲಾ ಶಿಕ್ಷಕರು, ಕಾರ್ಕಳ

ಶೆಲ್ಲಿನ ವಿಷಯ ಒಪ್ಪಿದೆ ಸರ್. ಆದರೆ ನನ್ನ ಪ್ರಕಾರ ಸಮಾಂತರವನ್ನೇ ಮೊದಲು ಮಾಡುವುದು ಒಳ್ಳೆಯದು. ಮಕ್ಕಳ ಮನೆಯ ವಯರಿಂಗ್ ಅದೇ. ಅಡುಗೆಮನೆಯ ಲೈಟ್ ಹಾಕಿದರೆ ಚಾವಡಿಯ ಲೈಟ್ ಮಂಕಾಗುವುದಿಲ್ಲ ಎಂದು ಅವರಿಗೆ ಗೊತ್ತು.

ಉಪನ್ಯಾಸಕರು, ಮಂಗಳೂರು

ಅದು ಒಳ್ಳೆಯ ಆರಂಭವೇ. ನಾನು ಸರಣಿಯನ್ನು ಮೊದಲಿಡುವುದು, ಅಲ್ಲಿ ಒಂದೇ ದಾರಿ ಇರುವುದರಿಂದ "ಎಲ್ಲಿ ಕಡಿಮೆಯಾಯಿತು" ಎಂದು ಹುಡುಕಲು ಸುಲಭ ಎಂಬ ಕಾರಣಕ್ಕೆ. ಆದರೆ ನಿಮ್ಮ ಕ್ರಮದಲ್ಲಿ ಹೋದವರ ಚೀಟಿಗಳನ್ನು ನೋಡದೆ ನನ್ನದೇ ಮೇಲು ಎನ್ನಲಾರೆ. ಯಾವ ಕ್ರಮವಾದರೂ ಒಂದು ಪೀರಿಯಡ್ಡಿಗೆ ಎರಡು ಊಹೆ, ಹೆಚ್ಚೆಂದರೆ ಮೂರು. ನಾಲ್ಕನೆಯದಕ್ಕೆ ಹೋದರೆ "ಯಾಕೆ" ಸಾಲು ಖಾಲಿ ಬರಲು ಶುರುವಾಗುತ್ತದೆ.

ಪ್ರಶ್ನೆ ಕೇಳಿದ ಶಿಕ್ಷಕಿ, ಬ್ರಹ್ಮಾವರ

ಸೋಮವಾರ ಮೊದಲ ಪೀರಿಯಡ್ಡಿಗೆ ಆ ಕೆಟ್ಟ ಜೋಡಿ, ಶೆಲ್ ತಿರುಗಿಸುವುದು, ಜಾಗ ಬದಲಿಸುವುದು. ಮೀಟರ್ ಬುಧವಾರಕ್ಕೆ. ಕಾರ್ಕಳದ ಸರ್, ನೀವು ಸಮಾಂತರದಿಂದ ಶುರುಮಾಡಿದ್ರೆ ಚೀಟಿಗಳ ಫೋಟೋ ಇಲ್ಲಿ ಹಾಕಿ, ನಾನೂ ಹಾಕ್ತೇನೆ.